ಪ್ಲೇಟ್‌ಲೆಟ್ ರಿಪೋರ್ಟ್: ಗಾಜಿನ ಚೌಕದಾಗ ಎಣಿಸಿದ್ದು 242, ಕಾಗದದ ಮ್ಯಾಲ 48 ಸಾವಿರ ಹೆಂಗಾತು?

ಸವದತ್ತಿ: ಮಳೆಗಾಲ ಮುಗಿಯುತ್ತ ಬಂದರೆ ತಾಲೂಕಿನ ಮೆಡಿಕಲ್ ಅಂಗಡಿ, ಲ್ಯಾಬ್ ಮುಂದಿನ ಕಟ್ಟೆ, ಬಸ್ ಸ್ಟ್ಯಾಂಡ್ ಎಲ್ಲ ಕಡೆ ಒಂದೇ ಮಾತು: ‘ಪ್ಲೇಟ್‌ಲೆಟ್ ಎಷ್ಟ ಬಂತ್ರಿ?’ ಜ್ವರ ಬಂದವರ ಮನೆಯಲ್ಲಿ ಆ ಒಂದು ಅಂಕಿಯ ಮೇಲೆ ಎಲ್ಲ ನಿರ್ಧಾರ ನಿಲ್ಲುತ್ತದೆ. ಇಲ್ಲೇ ಇರಬೇಕಾ, ಗಾಡಿ ಮಾಡಿಕೊಂಡು ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಬೇಕಾ, ರಕ್ತ ಕೊಡುವವರನ್ನು ಹುಡುಕಬೇಕಾ ಎಂಬುದೆಲ್ಲ ಆ ಅಂಕಿ ನೋಡಿಯೇ ತೀರ್ಮಾನ ಆಗುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂ ಜ್ವರವನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ ಮೇಲಂತೂ ಈ ಅಂಕಿಯ ಮೇಲಿನ ಚರ್ಚೆ ಇನ್ನೂ ಹೆಚ್ಚಾಯಿತು.

ಆದರೆ ಆ ಅಂಕಿ ಎಲ್ಲಿಂದ ಬರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಈಗ ಹೆಚ್ಚಿನ ಲ್ಯಾಬ್‌ಗಳಲ್ಲಿ ಮಷಿನ್ ಎಣಿಸುತ್ತದೆ. ಮಷಿನ್ ಕೊಟ್ಟ ಅಂಕಿ ತೀರಾ ಕಡಿಮೆ ಇದ್ದರೆ, ಅಥವಾ ಅನುಮಾನ ಬಂದರೆ, ಲ್ಯಾಬ್‌ನವರು ಹಳೆಯ ಪದ್ಧತಿಗೆ ಮರಳುತ್ತಾರೆ. ಗಾಜಿನ ಮೇಲೆ ಕೊರೆದ ಚೌಕದ ಗೆರೆಗಳ ಮಧ್ಯೆ ಒಂದೊಂದೇ ಕಣವನ್ನು ಕಣ್ಣಿನಿಂದ ಎಣಿಸುತ್ತಾರೆ. ಕೆಲವು ಕಡೆ ಮೈಕ್ರೋಸ್ಕೋಪಿನ ಕಣ್ಣುಗಾಜಿಗೆ ಮೊಬೈಲ್ ಹಿಡಿದು ಚೌಕದ ಫೋಟೊ ತೆಗೆದು, ಅದನ್ನೇ ದೊಡ್ಡದು ಮಾಡಿ ಎಣಿಸುವುದೂ ಉಂಟು. ಎಣಿಸಿದ ಮೇಲೆ ಒಂದು ಗುಣಾಕಾರ ಇರುತ್ತದೆ. ಆ ಗುಣಾಕಾರ ತಪ್ಪಿದರೆ ಅದೇ ರಕ್ತ, ಅದೇ ಕಣಗಳಿಂದ 10 ಸಾವಿರವೂ ಬರಬಹುದು, 2 ಲಕ್ಷ 42 ಸಾವಿರವೂ ಬರಬಹುದು. ಅದು ಹೇಗೆ ಎಂಬುದನ್ನು ಒಂದು ಲೆಕ್ಕ ಹಿಡಿದು ನೋಡೋಣ.

ಮೊದಲು ಒಂದು ತಪ್ಪು ತಿಳಿವಳಿಕೆ

ನಮ್ಮ ಕಡೆ ‘ಬಿಳಿ ರಕ್ತಕಣ ಕಡಿಮೆ ಆಗ್ಯಾವ’ ಎಂದು ಹೇಳುವುದು ರೂಢಿ. ಡೆಂಗ್ಯೂದಲ್ಲಿ ಜನ ಹೆದರುವುದು ಬಿಳಿ ರಕ್ತಕಣಕ್ಕಲ್ಲ, ಪ್ಲೇಟ್‌ಲೆಟ್‌ಗೆ. ಎರಡೂ ಬೇರೆ ಬೇರೆ. ಬಿಳಿ ರಕ್ತಕಣ ರೋಗದ ವಿರುದ್ಧ ಹೋರಾಡುವ ದೊಡ್ಡ ಕಣ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವು ಸುಮಾರು 4 ಸಾವಿರದಿಂದ 11 ಸಾವಿರ ಇರುತ್ತವೆ. ಪ್ಲೇಟ್‌ಲೆಟ್ ಎಂದರೆ ಗಾಯವಾದಾಗ ರಕ್ತ ಹೆಪ್ಪುಗಟ್ಟಲು ನೆರವಾಗುವ ತೀರಾ ಸಣ್ಣ ಕಣ. ಅಷ್ಟೇ ರಕ್ತದಲ್ಲಿ ಅವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತವೆ. ಡೆಂಗ್ಯೂದಲ್ಲಿ ಬಿಳಿ ಕಣವೂ ಇಳಿಯುತ್ತದೆ, ಪ್ಲೇಟ್‌ಲೆಟ್ಟೂ ಇಳಿಯುತ್ತದೆ. ಹಾಗಾಗಿ ರಿಪೋರ್ಟಿನಲ್ಲಿ ‘4 ಸಾವಿರ’ ಎಂದು ಕಂಡರೆ ಅದು ಯಾವ ಸಾಲಿನದು ಎಂದು ಮೊದಲು ನೋಡಬೇಕು. ಬಿಳಿ ಕಣದ ಸಾಲಿನಲ್ಲಿ 4 ಸಾವಿರ ಇದ್ದರೆ ಗಾಬರಿ ಪಡುವ ಮಾತಿಲ್ಲ. ಪ್ಲೇಟ್‌ಲೆಟ್ ಸಾಲಿನಲ್ಲಿ 4 ಸಾವಿರ ಇದ್ದರೆ ಒಂದು ಗಂಟೆಯೂ ತಡ ಮಾಡುವಂತಿಲ್ಲ.

ಘನ ಮಿಲಿಮೀಟರ್ ಎಂದರೆ ಒಂದು ಮಿಲಿಮೀಟರ್ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಜಾಗ. ಜೋಳದ ಕಾಳಿಗಿಂತ ಬಹಳ ಸಣ್ಣದು. ರಿಪೋರ್ಟಿನಲ್ಲಿ `/cumm` ಎಂದು ಬರೆದಿರುವುದು ಇದನ್ನೇ.

ಗಾಜಿನ ಮೇಲಿನ ಹೊಲದ ನಕ್ಷೆ

ಎಣಿಸಲು ಬಳಸುವ ಗಾಜಿಗೆ ಹೀಮೋಸೈಟೋಮೀಟರ್ ಎನ್ನುತ್ತಾರೆ. ಲ್ಯಾಬ್‌ನವರ ಬಾಯಲ್ಲಿ ಅದು ‘ನ್ಯೂಬಾವರ್ ಚೇಂಬರ್’, ಅಥವಾ ಬರೀ ‘ಚೇಂಬರ್’. ದಪ್ಪ ಗಾಜಿನ ಪಟ್ಟಿಯ ನಡುವೆ ಎರಡು ಕಡೆ ಒಂದೊಂದು ಚೌಕದ ನಕ್ಷೆ ಕೊರೆದಿರುತ್ತಾರೆ. ಪ್ರತಿ ನಕ್ಷೆ 3 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲ. ಅದರಲ್ಲಿ ಒಂದೊಂದು ಮಿಲಿಮೀಟರಿನ ಒಂಬತ್ತು ದೊಡ್ಡ ಚೌಕ.

ಪ್ಲೇಟ್‌ಲೆಟ್ ಎಣಿಸಲು ಬೇಕಾದದ್ದು ನಟ್ಟನಡುವಿನ ದೊಡ್ಡ ಚೌಕ ಮಾತ್ರ. ಅದನ್ನು ಒಂದು ಹೊಲ ಎಂದುಕೊಳ್ಳಿ. ಆ ಹೊಲವನ್ನು ಐದಕ್ಕೆ ಐದರಂತೆ 25 ಮಧ್ಯಮ ಚೌಕಗಳಾಗಿ, ಅಂದರೆ 25 ತುಂಡುಗಳಾಗಿ ಹಂಚಿದ್ದಾರೆ. ಪ್ರತಿ ತುಂಡಿನಲ್ಲಿ ಮತ್ತೆ 16 ಸಣ್ಣ ಚೌಕ. ಬದುವಿನಂತೆ ಗೆರೆಗಳು ಸುತ್ತ ಇರುತ್ತವೆ.

ಈ ನಕ್ಷೆಯ ಮೇಲೆ ಒಂದು ತೆಳು ಗಾಜು ಮುಚ್ಚುತ್ತಾರೆ. ಕೆಳಗಿನ ನಕ್ಷೆಗೂ ಮೇಲಿನ ಗಾಜಿಗೂ ನಡುವೆ ಸರಿಯಾಗಿ 0.1 ಮಿಲಿಮೀಟರ್ ಸಂದು ಉಳಿಯುತ್ತದೆ. ಇಡೀ ಲೆಕ್ಕ ನಿಂತಿರುವುದು ಈ ಸಂದಿನ ಮೇಲೆ. ಒಂದು ಮಿಲಿಮೀಟರ್ ಉದ್ದ, ಒಂದು ಮಿಲಿಮೀಟರ್ ಅಗಲ, 0.1 ಮಿಲಿಮೀಟರ್ ಆಳ ಎಂದರೆ ನಡುವಿನ ದೊಡ್ಡ ಚೌಕದ ಮೇಲೆ ನಿಲ್ಲುವ ದ್ರವ 0.1 ಘನ ಮಿಲಿಮೀಟರ್. ಒಂದು ಘನ ಮಿಲಿಮೀಟರಿನ ಹತ್ತನೇ ಒಂದು ಪಾಲು.

ಎಪಿಎಂಸಿಯಲ್ಲಿ ಚೀಲಕ್ಕೆ ಚುಚ್ಚಿ ಒಂದು ಹಿಡಿ ಕಾಳು ತೆಗೆದು ಇಡೀ ಚೀಲದ ಮಾಲು ಹೇಗಿದೆ ಎಂದು ಹೇಳುತ್ತಾರಲ್ಲ, ಇದೂ ಹಾಗೆಯೇ. ಎಷ್ಟು ಕಾಳು ಕೈಗೆ ಬಂತು ಎಂಬುದರ ಜೊತೆಗೆ, ಹಿಡಿ ಎಷ್ಟು ದೊಡ್ಡದು ಎಂಬುದೂ ಗೊತ್ತಿರಬೇಕು. ಚೇಂಬರ್ ಎಂದರೆ ಅಳತೆ ಗೊತ್ತಿರುವ ಹಿಡಿ.

ರಕ್ತವನ್ನು ತೆಳುವು ಮಾಡುವುದು ಯಾಕೆ?

ರಕ್ತವನ್ನು ಹಾಗೇ ಚೇಂಬರಿಗೆ ಹಾಕಿದರೆ ಏನೂ ಕಾಣುವುದಿಲ್ಲ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಕೆಂಪು ಕಣಗಳೇ ಸುಮಾರು 50 ಲಕ್ಷ ಇರುತ್ತವೆ. ಅವುಗಳ ನಡುವೆ ಪ್ಲೇಟ್‌ಲೆಟ್ ಹುಡುಕುವುದು ಜಾತ್ರೆಯಲ್ಲಿ ಕೂಸು ಹುಡುಕಿದ ಹಾಗೆ. ಅದಕ್ಕೆ ರಕ್ತವನ್ನು 1 ಪರ್ಸೆಂಟ್ ಅಮೋನಿಯಂ ಆಕ್ಸಲೇಟ್ ದ್ರಾವಣದಲ್ಲಿ ಬೆರೆಸುತ್ತಾರೆ. ಅದು ಕೆಂಪು ಕಣಗಳನ್ನು ಒಡೆದು ಹಾಕುತ್ತದೆ, ಪ್ಲೇಟ್‌ಲೆಟ್ ಮತ್ತು ಬಿಳಿ ಕಣ ಉಳಿಯುತ್ತವೆ.

ಅಳತೆ ಹೀಗೆ: ದ್ರಾವಣ 0.38 ಮಿಲಿಲೀಟರ್, ರಕ್ತ 0.02 ಮಿಲಿಲೀಟರ್. ಕೂಡಿಸಿದರೆ 0.40. ಅಂದರೆ 20 ಪಾಲಿನಲ್ಲಿ ಒಂದು ಪಾಲು ಮಾತ್ರ ರಕ್ತ. ಒಂದು ಲೋಟ ಮೊಸರಿಗೆ 19 ಲೋಟ ನೀರು ಹಾಕಿ 20 ಲೋಟ ಮಜ್ಜಿಗೆ ಮಾಡಿದಂತೆ. ಇದಕ್ಕೆ 20 ಪಟ್ಟು ತೆಳುವು ಎನ್ನುತ್ತಾರೆ. ಮಜ್ಜಿಗೆಯಲ್ಲಿ ಕಂಡದ್ದನ್ನು ಮೊಸರಿಗೆ ತಿರುಗಿಸಿ ಹೇಳಬೇಕಾದರೆ 20ರಿಂದ ಗುಣಿಸಲೇಬೇಕು. ಲ್ಯಾಬ್ ಭಾಷೆಯಲ್ಲಿ ಇದೇ ‘ಡೈಲ್ಯೂಷನ್ ಫ್ಯಾಕ್ಟರ್’.

ಬೆರೆಸಿದ ಮೇಲೆ 10ರಿಂದ 15 ನಿಮಿಷ ಬಿಡುತ್ತಾರೆ, ಕೆಂಪು ಕಣ ಪೂರ್ತಿ ಒಡೆಯಲಿ ಎಂದು. ಆಮೇಲೆ ಚೇಂಬರಿನ ಅಂಚಿಗೆ ಒಂದು ಹನಿ ಮುಟ್ಟಿಸಿದರೆ ದ್ರವ ತಾನಾಗಿಯೇ ಗಾಜಿನ ಸಂದಿಗೆ ಹರಿಯುತ್ತದೆ. ಎರಡೂ ಬದಿಯ ನಕ್ಷೆಗೆ ಹೀಗೆ ತುಂಬುತ್ತಾರೆ. ಹನಿ ಹೆಚ್ಚಾಗಿ ಬದಿಯ ಕಾಲುವೆಗೆ ಉಕ್ಕಬಾರದು, ಒಳಗೆ ಗುಳ್ಳೆ ಉಳಿಯಬಾರದು. ಹಾಗೇನಾದರೂ ಆದರೆ ತೊಳೆದು ಒರೆಸಿ ಮತ್ತೆ ಮೊದಲಿನಿಂದ ಮಾಡುವುದೇ ದಾರಿ.

ತುಂಬಿದ ಕೂಡಲೇ ಎಣಿಸುವುದಿಲ್ಲ. ಒದ್ದೆ ಹತ್ತಿ ಇಟ್ಟ ಮುಚ್ಚಳದ ತಟ್ಟೆಯೊಳಗೆ ಚೇಂಬರನ್ನು ಇನ್ನೂ 10ರಿಂದ 20 ನಿಮಿಷ ಇಡುತ್ತಾರೆ. ಪ್ಲೇಟ್‌ಲೆಟ್ ಬಹಳ ಹಗುರ, ತೇಲುತ್ತ ತೇಲುತ್ತ ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ. ಒದ್ದೆ ಹತ್ತಿ ಇಡುವುದು ದ್ರವ ಆರಬಾರದು ಎಂದು. ಹೀಗಾಗಿ ಕೈಯಿಂದ ಎಣಿಸಿದ ರಿಪೋರ್ಟ್ ಐದು ನಿಮಿಷಕ್ಕೆ ಬರುವುದಿಲ್ಲ. ‘ಯಾಕ್ರಿ ಇಷ್ಟೊತ್ತು?’ ಎಂದು ಕೌಂಟರಿನಲ್ಲಿ ಜಗಳ ತೆಗೆದರೆ ಕಾಯುವ ಹೊತ್ತಿಗೇ ಕತ್ತರಿ ಬೀಳುತ್ತದೆ. ತಳಕ್ಕೆ ಇಳಿಯದೆ ಉಳಿದ ಕಣ ಕಣ್ಣಿಗೆ ಬೀಳದೆ ಅಂಕಿ ಕಡಿಮೆ ಬರುತ್ತದೆ.

ಎಣಿಸುವ ರೀತಿ

ಮೈಕ್ರೋಸ್ಕೋಪಿನ 40ರ ಲೆನ್ಸ್ ಹಾಕಿ, ಬೆಳಕು ತಗ್ಗಿಸಿ ನೋಡಿದರೆ ಪ್ಲೇಟ್‌ಲೆಟ್ ಮಿನುಗುವ ಚುಕ್ಕಿಯಂತೆ ಕಾಣುತ್ತದೆ. ದುಂಡಗೆ ಅಥವಾ ತುಸು ಉದ್ದಕ್ಕೆ, ಗಾತ್ರದಲ್ಲಿ ಕೆಂಪು ಕಣದ ಮೂರನೇ ಒಂದು ಪಾಲು. ಬಿಳಿ ಕಣ ಅದರ ಹಲವು ಪಟ್ಟು ದೊಡ್ಡದು, ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಣಿಸುವ ದಾರಿ ಗಳೆ ಹೊಡೆದಂತೆ. ಮೊದಲ ಸಾಲು ಎಡದಿಂದ ಬಲಕ್ಕೆ, ಎರಡನೆಯದು ಬಲದಿಂದ ಎಡಕ್ಕೆ, ಮತ್ತೆ ಎಡದಿಂದ ಬಲಕ್ಕೆ. ಹೀಗೆ ಮಾಡಿದರೆ ಯಾವ ಚೌಕವೂ ಬಿಟ್ಟು ಹೋಗುವುದಿಲ್ಲ, ಎರಡು ಸಲವೂ ಆಗುವುದಿಲ್ಲ.

ಬದುವಿನ ಮೇಲೆ ಕುಳಿತ ಕಣ ಯಾರ ಹೊಲದ್ದು? ಇದಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಮೇಲಿನ ಗೆರೆ ಮತ್ತು ಎಡಗಡೆಯ ಗೆರೆ ಮುಟ್ಟಿದ ಕಣ ಲೆಕ್ಕಕ್ಕೆ ಸೇರುತ್ತದೆ. ಕೆಳಗಿನ ಗೆರೆ ಮತ್ತು ಬಲಗಡೆಯ ಗೆರೆ ಮುಟ್ಟಿದ್ದು ಸೇರುವುದಿಲ್ಲ. ಎಲ್ಲ ಚೌಕಕ್ಕೂ ಇದೇ ನಿಯಮ ಹಿಡಿದರೆ ಒಂದು ಕಣ ಒಂದೇ ಚೌಕದ ಪಾಲಿಗೆ ಬರುತ್ತದೆ.

ಫೋಟೊ ತೆಗೆದು ಎಣಿಸುವವರಿಗೆ ಎರಡು ತೊಡಕು. 40ರ ಲೆನ್ಸಿನಲ್ಲಿ ಇಡೀ ದೊಡ್ಡ ಚೌಕ ಒಂದೇ ಫೋಟೊದಲ್ಲಿ ಹಿಡಿಸುವುದಿಲ್ಲ. 25ರಲ್ಲಿ ಒಂದು ಮಧ್ಯಮ ಚೌಕ ಚೆನ್ನಾಗಿ ಹಿಡಿಸುತ್ತದೆ. ಹಾಗಾಗಿ ಹಲವು ಫೋಟೊ ಬೇಕು, ಪ್ರತಿಯೊಂದು ಯಾವ ಚೌಕದ್ದು ಎಂದು ಬರೆದಿಡಬೇಕು. ಇಲ್ಲದಿದ್ದರೆ ಒಂದೇ ಚೌಕ ಎರಡು ಸಲ ಎಣಿಕೆಗೆ ಬರುತ್ತದೆ. ಎರಡನೆಯದು ಇನ್ನೂ ಮುಖ್ಯ. ಕಣ್ಣಿನಿಂದ ನೋಡುವಾಗ ಫೋಕಸ್ ತಿರುಪನ್ನು ಸ್ವಲ್ಪ ಆಚೆ ಈಚೆ ತಿರುಗಿಸಿದರೆ ಪ್ಲೇಟ್‌ಲೆಟ್ ಮಿನುಗಿ ಮಸುಕಾಗುತ್ತದೆ, ಧೂಳಿನ ಕಣ ಕಪ್ಪಗೆ ಹಾಗೇ ನಿಲ್ಲುತ್ತದೆ. ಫೋಟೊದಲ್ಲಿ ತಿರುಪು ಇಲ್ಲ. ಧೂಳು, ಹಳೆಯ ದ್ರಾವಣದಲ್ಲಿ ಬೆಳೆದ ಬ್ಯಾಕ್ಟೀರಿಯಾ ಎರಡೂ ಫೋಟೊದಲ್ಲಿ ಪ್ಲೇಟ್‌ಲೆಟ್‌ನಂತೆಯೇ ಕಾಣುತ್ತವೆ. ಅದಕ್ಕೇ ದ್ರಾವಣವನ್ನು ಸೋಸಿ, ತಂಪಿನಲ್ಲಿಟ್ಟು ಬಳಸುತ್ತಾರೆ. ಅನುಮಾನ ಇದ್ದರೆ ರಕ್ತ ಹಾಕದ ಬರೀ ದ್ರಾವಣವನ್ನು ಚೇಂಬರಿಗೆ ತುಂಬಿ ನೋಡಬೇಕು. ಅದರಲ್ಲೂ ಚುಕ್ಕಿಗಳು ಕಂಡರೆ ದೋಷ ದ್ರಾವಣದ್ದು.

ಈಗ ಲೆಕ್ಕ

ಡೆಂಗ್ಯೂ ಐದನೇ ದಿನದ ಒಬ್ಬ ರೋಗಿಯ ರಕ್ತ ಎಂದು ಭಾವಿಸೋಣ. 20 ಪಟ್ಟು ತೆಳುವು ಮಾಡಿದ್ದಾರೆ. ಚೇಂಬರಿನ ಒಂದು ಬದಿಯಲ್ಲಿ ನಡುವಿನ ದೊಡ್ಡ ಚೌಕದ ಎಲ್ಲ 25 ತುಂಡು ಎಣಿಸಿದಾಗ 236 ಪ್ಲೇಟ್‌ಲೆಟ್ ಸಿಕ್ಕವು. ಇನ್ನೊಂದು ಬದಿಯಲ್ಲಿ 248. ಎರಡೂ ಹತ್ತಿರ ಹತ್ತಿರ ಇವೆ, ಅಂದರೆ ದ್ರವ ಸಮನಾಗಿ ಹರಡಿದೆ. ಸರಾಸರಿ 242.

ಈ 242 ಇದ್ದದ್ದು 0.1 ಘನ ಮಿಲಿಮೀಟರಿನಲ್ಲಿ. ಪೂರ್ತಿ ಒಂದು ಘನ ಮಿಲಿಮೀಟರಿಗೆ ಹತ್ತು ಪಟ್ಟು, ಅಂದರೆ 2,420. ಇದು ಇನ್ನೂ ‘ಮಜ್ಜಿಗೆ’ಯ ಲೆಕ್ಕ. ‘ಮೊಸರಿ’ಗೆ ತಿರುಗಿಸಲು 20ರಿಂದ ಗುಣಿಸಬೇಕು.

```
242 × 10 × 20 = 48,400
```

ರಿಪೋರ್ಟಿನಲ್ಲಿ 48 ಸಾವಿರ ಎಂದು ಬರುವುದು ಹೀಗೆ. ಕೆಲವರು ಇದನ್ನೇ 0.48 ಲಕ್ಷ ಎಂದು ಬರೆಯುತ್ತಾರೆ. 10 ಮತ್ತು 20 ಗುಣಿಸಿದರೆ 200 ಆಗುವುದರಿಂದ ಲ್ಯಾಬ್‌ನವರು ನೇರವಾಗಿ ‘ಎಣಿಸಿದ್ದಕ್ಕೆ 200’ ಎಂದು ನೆನಪಿಟ್ಟುಕೊಂಡಿರುತ್ತಾರೆ.

ಗದ್ದಲ ಇದ್ದಾಗ 25ನ್ನೂ ಎಣಿಸುವುದಿಲ್ಲ. ನಾಲ್ಕು ಮೂಲೆಯ ತುಂಡು, ನಡುವಿನದೊಂದು, ಹೀಗೆ ಐದನ್ನು ಮಾತ್ರ ಎಣಿಸುತ್ತಾರೆ. ಅದೇ ರಕ್ತದಲ್ಲಿ ಈ ಐದರಲ್ಲಿ 11, 8, 10, 9, 12 ಸಿಕ್ಕವು ಎನ್ನೋಣ. ಒಟ್ಟು 50. ಐದು ತುಂಡು ಎಂದರೆ 25ರ ಐದನೇ ಒಂದು ಪಾಲು. ಹೊಲ ಐದನೇ ಒಂದಾದ ಮೇಲೆ ಗುಣಿಸುವ ಅಂಕಿ ಐದು ಪಟ್ಟಾಗಬೇಕು. 200 ಇದ್ದದ್ದು 1,000 ಆಗುತ್ತದೆ.

```
50 × 5 × 10 × 20 = 50,000
```

48,400 ಮತ್ತು 50,000. ಎರಡು ದಾರಿಯಿಂದ ಹೋದರೂ ಒಂದೇ ಊರು ಮುಟ್ಟಿದೆ.

ತಪ್ಪುವುದು ಎಲ್ಲಿ?

ಐದು ತುಂಡು ಎಣಿಸಿ, ರೂಢಿಯ ಬಲದಿಂದ 200ರಿಂದ ಗುಣಿಸಿದರು ಎಂದುಕೊಳ್ಳಿ. 50 × 200 = 10,000. ರಕ್ತಸ್ರಾವ ಇಲ್ಲದಿದ್ದರೂ ಮುಂಜಾಗ್ರತೆಗೆ ಪ್ಲೇಟ್‌ಲೆಟ್ ಏರಿಸಬೇಕೇ ಎಂದು ಯೋಚಿಸುವ ಗಡಿಯನ್ನು ರಾಷ್ಟ್ರೀಯ ಡೆಂಗ್ಯೂ ಚಿಕಿತ್ಸಾ ಮಾರ್ಗಸೂಚಿ ಹಾಕಿರುವುದು 10 ಸಾವಿರದ ಕೆಳಗೆ. ನಿಜವಾಗಿ 48 ಸಾವಿರ ಇರುವ ರೋಗಿಯ ಮನೆಯವರು ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಓಡುವ ಪಾಳಿ ಬರುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು. ಪ್ಲೇಟ್‌ಲೆಟ್ ಸಾಕಷ್ಟಿರುವ ರಕ್ತಕ್ಕೆ 20 ಪಟ್ಟು ತೆಳುವು ಸಾಲುವುದಿಲ್ಲ. ಎರಡೂವರೆ ಲಕ್ಷ ಇರುವವರ ರಕ್ತದಲ್ಲಿ ದೊಡ್ಡ ಚೌಕದೊಳಗೆ 1,250 ಚುಕ್ಕಿ ಎಣಿಸಬೇಕಾಗುತ್ತದೆ. ಅದಕ್ಕೆ ಹಲವು ಲ್ಯಾಬ್‌ಗಳಲ್ಲಿ 100 ಪಟ್ಟು ತೆಳುವು ಮಾಡುವ ರೂಢಿ ಇದೆ. ಆಗ 25 ತುಂಡಿಗೂ ಗುಣಿಸುವ ಅಂಕಿ 1,000. ಈಗ ತೆಳುವು ಮಾಡಿದ್ದು 20 ಪಟ್ಟು, ಗುಣಿಸಿದ್ದು 100 ಪಟ್ಟಿನ ಅಂಕಿಯಿಂದ ಎಂದಾದರೆ 242 × 1,000 = 2,42,000 ಬರುತ್ತದೆ. ‘ನಾರ್ಮಲ್ ಐತಿ, ಮನಿಗೆ ಹೋಗ್ರಿ’ ಎನ್ನುವ ಅಂಕಿ. ಗಾಬರಿಯಿಂದ ಓಡಿದವರು ದೊಡ್ಡ ಆಸ್ಪತ್ರೆಯಲ್ಲಿ ಮತ್ತೆ ಎಣಿಸಿದಾಗ ಬಚಾವಾಗುತ್ತಾರೆ. ನಾರ್ಮಲ್ ಎಂದು ಮನೆಗೆ ಹೋದವರಿಗೆ ಮತ್ತೆ ಎಣಿಸುವವರು ಯಾರೂ ಇರುವುದಿಲ್ಲ.

ಅಂದರೆ ಗುಣಿಸುವ ಅಂಕಿ ಎರಡಕ್ಕೆ ಹೊಂದಬೇಕು: ಎಷ್ಟು ಜಾಗ ಎಣಿಸಿದರು, ಎಷ್ಟು ಪಟ್ಟು ತೆಳುವು ಮಾಡಿದರು. ಯಾವುದೇ ಒಂದನ್ನು ಬದಲಾಯಿಸಿದರೂ ಅಂಕಿ ಬದಲಾಗಲೇಬೇಕು.

ಮೂರನೆಯ ತಪ್ಪು ಕಾಗದದ ಮೇಲೆ ಕಾಣುವುದೇ ಇಲ್ಲ. 0.02 ಮಿಲಿಲೀಟರ್ ಎಂದರೆ ಅರ್ಧ ಹನಿಯಷ್ಟೂ ಇಲ್ಲ. ಪಿಪೆಟ್‌ನಲ್ಲಿ ಗಾಳಿ ಸೇರಿ ಅದರ ಅರ್ಧದಷ್ಟೇ ರಕ್ತ ಬಂತು ಎನ್ನೋಣ. ಆಗ 0.38 ದ್ರಾವಣಕ್ಕೆ ರಕ್ತ 0.01 ಮಾತ್ರ. ನಿಜವಾದ ತೆಳುವು 39 ಪಟ್ಟು. ಲ್ಯಾಬ್‌ನವರು 20 ಎಂದೇ ತಿಳಿದು ಗುಣಿಸುತ್ತಾರೆ. ಚೌಕದಲ್ಲಿ ಕಂಡದ್ದು ಅದೇ 242 ಆದರೂ ರೋಗಿಯ ರಕ್ತದಲ್ಲಿ ಇರುವುದು 94 ಸಾವಿರ, ರಿಪೋರ್ಟ್ ಹೇಳುವುದು 48 ಸಾವಿರ. ಪಿಪೆಟ್‌ನ ಹೊರಮೈಗೆ ಅಂಟಿದ ರಕ್ತವನ್ನು ಒರೆಸದೆ ಅದ್ದಿದರೆ ತಪ್ಪು ಇದಕ್ಕೆ ತದ್ವಿರುದ್ಧ ದಿಕ್ಕಿಗೆ ಹೋಗುತ್ತದೆ. ಇದನ್ನು ಹಿಡಿಯಲು ಒಂದೇ ದಾರಿ. ಅದೇ ರಕ್ತದಿಂದ ಇನ್ನೊಮ್ಮೆ ಬೇರೆ ಟ್ಯೂಬಿನಲ್ಲಿ ಬೆರೆಸಿ ಎಣಿಸುವುದು. ಚೇಂಬರಿನ ಎರಡು ಬದಿ ಹೊಂದಿದರೂ ಇದು ಸಿಗುವುದಿಲ್ಲ, ಯಾಕೆಂದರೆ ಎರಡೂ ಬದಿಗೆ ತುಂಬಿದ್ದು ಅದೇ ತಪ್ಪು ಮಿಶ್ರಣ.

ಟ್ಯೂಬಿನಲ್ಲೇ ಗಂಟು ಕಟ್ಟಿದರೆ

ರಕ್ತ ತೆಗೆದು ಹಾಕುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ, ರಕ್ತ ಹೆಪ್ಪುಗಟ್ಟಬಾರದು ಎಂದು. ಅಪರೂಪಕ್ಕೆ ಕೆಲವರ ರಕ್ತದಲ್ಲಿ ಇದೇ ಇಡಿಟಿಎ ಪ್ಲೇಟ್‌ಲೆಟ್‌ಗಳನ್ನು ಒಂದಕ್ಕೊಂದು ಅಂಟಿಸಿ ಗಂಟು ಮಾಡುತ್ತದೆ. ಹತ್ತಿಪ್ಪತ್ತು ಸೇರಿ ಒಂದು ಮುದ್ದೆ. ಮಷಿನ್‌ಗೆ ಅದು ಪ್ಲೇಟ್‌ಲೆಟ್ ಎಂದು ಗೊತ್ತಾಗುವುದಿಲ್ಲ, ಅಂಕಿ ಪಾತಾಳಕ್ಕೆ ಇಳಿಯುತ್ತದೆ. ರೋಗಿಗೆ ಏನೂ ಆಗಿರುವುದಿಲ್ಲ. ಚುಚ್ಚುವಾಗ ರಕ್ತ ತಡವಾಗಿ ಬಂದರೆ, ಟ್ಯೂಬನ್ನು ಸರಿಯಾಗಿ ತಿರುಗಿಸಿ ಬೆರೆಸದಿದ್ದರೆ ಕೂಡ ಹೀಗೆ ಗಂಟು ಆಗುತ್ತದೆ.

ಚೇಂಬರಿನಲ್ಲೋ, ಗಾಜಿನ ಮೇಲೆ ಬಳಿದ ರಕ್ತದ ಸ್ಮಿಯರ್‌ನಲ್ಲೋ ಗಂಟು ಕಂಡರೆ ಆ ಅಂಕಿಯನ್ನು ನಂಬುವಂತಿಲ್ಲ. ಆಗ ತಿಳಿ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಹೊಸದಾಗಿ ರಕ್ತ ತೆಗೆಯುತ್ತಾರೆ. ಇಲ್ಲೂ ತೆಳುವಿನ ಲೆಕ್ಕ ಬರುತ್ತದೆ. ಆ ಟ್ಯೂಬಿನಲ್ಲಿ ಮೊದಲೇ ಒಂದು ಪಾಲು ಸಿಟ್ರೇಟ್ ದ್ರವ ಇರುತ್ತದೆ, ಅದಕ್ಕೆ 9 ಪಾಲು ರಕ್ತ ಸೇರುತ್ತದೆ. ಹತ್ತರಲ್ಲಿ ಒಂಬತ್ತು ಮಾತ್ರ ರಕ್ತ. ಆದ್ದರಿಂದ ಬಂದ ಅಂಕಿಯನ್ನು 1.1ರಿಂದ ಗುಣಿಸುತ್ತಾರೆ. 1 ಲಕ್ಷ 30 ಸಾವಿರ ಬಂದರೆ 1 ಲಕ್ಷ 43 ಸಾವಿರ ಎಂದು ಬರೆಯಬೇಕು.

ನಿನ್ನೆ 50, ಇವತ್ತು 45: ಇಳಿದಂಗಾ?

ಎಣಿಸುವವರು ಏನೂ ತಪ್ಪು ಮಾಡದಿದ್ದರೂ ಅಂಕಿ ಕುಣಿಯುತ್ತದೆ. ಒಂದು ಹಿಡಿ ಕಾಳು ಎರಡು ಸಲ ತೆಗೆದರೆ ಎರಡು ಸಲವೂ ಎಣಿಕೆ ಒಂದೇ ಬರುವುದಿಲ್ಲವಲ್ಲ, ಹಾಗೆ. ಇದನ್ನು ಲೆಕ್ಕಕ್ಕೆ ತಂದು ತೋರಿಸಿದವರು ವಿಲಿಯಂ ಸೀಲಿ ಗಾಸೆಟ್. ಅವರು ಡಾಕ್ಟರ್ ಅಲ್ಲ, ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಂಪನಿಯಲ್ಲಿ ಕೆಲಸಕ್ಕಿದ್ದವರು. ಬಿಯರ್ ಹುದುಗಲು ಹಾಕುವ ಯೀಸ್ಟ್ ಕಣಗಳನ್ನು ಅಲ್ಲಿ ಇದೇ ಚೇಂಬರಿನಲ್ಲಿ ಎಣಿಸುತ್ತಿದ್ದರು. ಆ ಎಣಿಕೆಯಲ್ಲಿ ಎಷ್ಟು ಹೆಚ್ಚುಕಡಿಮೆ ಆಗುತ್ತದೆ ಎಂದು ಅವರು 1907ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು.

ಅವರು ಹೇಳಿದ್ದರ ಸಾರ ಸುಲಭ. ಎಣಿಸಿದ ಒಟ್ಟು ಅಂಕಿಯ ವರ್ಗಮೂಲದಷ್ಟು ಹೆಚ್ಚುಕಡಿಮೆ ಸಹಜ, ಅದರ ಎರಡು ಪಟ್ಟಿನವರೆಗೂ ಆಗಬಹುದು. ಐದು ತುಂಡಿನಲ್ಲಿ 50 ಎಣಿಸಿದರೆ ವರ್ಗಮೂಲ ಸುಮಾರು 7, ಅದರ ಎರಡು ಪಟ್ಟು 14. ಅಂದರೆ 50 ಸಾವಿರ ಎಂದು ಬರೆದ ರಿಪೋರ್ಟಿನ ಹಿಂದೆ ನಿಜವಾಗಿ 36 ಸಾವಿರದಿಂದ 64 ಸಾವಿರದವರೆಗೆ ಏನು ಬೇಕಾದರೂ ಇರಬಹುದು. ಎರಡೂ ಬದಿಯ 25 ತುಂಡು ಸೇರಿಸಿ 484 ಎಣಿಸಿದರೆ ವರ್ಗಮೂಲ 22. ಆಗ ಅದೇ ಅಂತರ 44 ಸಾವಿರದಿಂದ 53 ಸಾವಿರಕ್ಕೆ ಇಳಿಯುತ್ತದೆ. ಪಿಪೆಟ್‌ನ ಹೆಚ್ಚುಕಡಿಮೆ ಇದರ ಮೇಲೆ ಬೇರೆ. ಕಡಿಮೆ ಪ್ಲೇಟ್‌ಲೆಟ್ ಇರುವವರ ರಕ್ತವನ್ನು ಐದು ಚೌಕಕ್ಕೆ ಮುಗಿಸದೆ ಪೂರ್ತಿ ಎಣಿಸಬೇಕು ಎನ್ನುವುದು ಇದಕ್ಕೇ.

ಆದ್ದರಿಂದ ನಿನ್ನೆ 50, ಇವತ್ತು 45 ಎಂದರೆ ಇಳಿದಿದೆ ಎಂದು ಹೇಳಲು ಬರುವುದಿಲ್ಲ. 50ರಿಂದ 20ಕ್ಕೆ ಬಂದರೆ ಖಂಡಿತ ಇಳಿದಿದೆ. ಬೆಳಗ್ಗೆ ಒಂದು ಲ್ಯಾಬ್, ಸಂಜೆ ಇನ್ನೊಂದು ಲ್ಯಾಬ್ ಎಂದು ಓಡಾಡಿ ಎರಡು ಅಂಕಿ ಹೋಲಿಸಿದರೆ ಗೊಂದಲ ಹೆಚ್ಚುತ್ತದೆ. ಒಂದೇ ಕಡೆ, ಒಂದೇ ಪದ್ಧತಿಯಲ್ಲಿ ಮಾಡಿಸಿದರೆ ಏರಿಳಿತ ಗೊತ್ತಾಗುತ್ತದೆ.

ಗುಣಾಕಾರದ ತಪ್ಪು ಹಿಡಿಯುವ ಅಡ್ಡ ಪರೀಕ್ಷೆ

ಸ್ಮಿಯರ್ ನೋಡುವವರ ಬಳಿ ಒಂದು ಅಂದಾಜಿನ ಲೆಕ್ಕ ಇದೆ. ಎಣ್ಣೆ ಹಾಕಿ ನೋಡುವ 100ರ ಲೆನ್ಸಿನಲ್ಲಿ, ಕಣಗಳು ಒಂದರ ಮೇಲೊಂದು ಬೀಳದೆ ಹರಡಿರುವ ಕಡೆ ಹತ್ತು ಜಾಗ ನೋಡಿ ಸರಾಸರಿ ತೆಗೆಯುತ್ತಾರೆ. ಒಂದು ನೋಟಕ್ಕೆ ಒಂದು ಪ್ಲೇಟ್‌ಲೆಟ್ ಕಂಡರೆ ಸುಮಾರು 15 ಸಾವಿರ ಎಂದು ಹಿಡಿಯುತ್ತಾರೆ. ಇಲ್ಲಿ ತೆಳುವು ಮಾಡುವುದೂ ಇಲ್ಲ, ಚೌಕವೂ ಇಲ್ಲ. ಹಾಗಾಗಿ ಚೇಂಬರಿನ ತಪ್ಪು ಇಲ್ಲಿಗೆ ಬರುವುದಿಲ್ಲ.

ಮೇಲಿನ ರೋಗಿಯ ಸ್ಮಿಯರ್‌ನಲ್ಲಿ ನೋಟಕ್ಕೆ ಮೂರರಂತೆ ಕಂಡರೆ 45 ಸಾವಿರ. 48 ಸಾವಿರದ ರಿಪೋರ್ಟಿಗೆ ಹೊಂದುತ್ತದೆ. ರಿಪೋರ್ಟ್ 10 ಸಾವಿರ ಎಂದಿದ್ದರೆ ನೋಟಕ್ಕೆ ಒಂದೂ ಸರಿಯಾಗಿ ಕಾಣಬಾರದು. 2 ಲಕ್ಷ 42 ಸಾವಿರ ಎಂದಿದ್ದರೆ 16ರ ಹತ್ತಿರ ಕಾಣಬೇಕು. ಮೂರೇ ಕಂಡಿವೆ ಎಂದರೆ ಆ ಎರಡೂ ರಿಪೋರ್ಟ್ ಗುಣಾಕಾರದಲ್ಲಿ ತಪ್ಪಿವೆ ಎಂದು ಅಲ್ಲಿಯೇ ಗೊತ್ತಾಗುತ್ತದೆ. ಇದು ಬರೀ ಅಂದಾಜು, 48ಕ್ಕೂ 55ಕ್ಕೂ ಇರುವ ಅಂತರ ಇದರಿಂದ ಹೇಳಲಾಗದು. ಐದು ಪಟ್ಟಿನ ತಪ್ಪು ಮಾತ್ರ ತಪ್ಪಿಸಿಕೊಳ್ಳಲಾರದು.

ಲ್ಯಾಬ್‌ನಲ್ಲಿ ಕೇಳಬಹುದಾದ ಮಾತು

ಅಂಕಿ ಅನುಮಾನ ಹುಟ್ಟಿಸಿದರೆ ಲ್ಯಾಬ್‌ನವರನ್ನು ಹೀಗೆ ಕೇಳಬಹುದು: ‘ಇದು ಮಷಿನ್‌ದೋ, ಚೇಂಬರ್‌ದೋ? ಎಷ್ಟು ಪಟ್ಟು ಡೈಲ್ಯೂಟ್ ಮಾಡೀರಿ, ಎಷ್ಟು ಚೌಕ ಎಣಿಸೀರಿ? ಸ್ಮಿಯರ್ ನೋಡೀರೇನ್ರಿ, ಗಂಟು ಕಂಡಾವೇನು?’ ಕೆಲಸ ಬಲ್ಲವರು ಒಂದು ನಿಮಿಷದಲ್ಲಿ ಉತ್ತರ ಕೊಡುತ್ತಾರೆ. ರಿಪೋರ್ಟಿನ ಕೆಳಗೆ ‘ಸ್ಮಿಯರ್‌ನಲ್ಲಿ ಪರಿಶೀಲಿಸಿದೆ’ ಎಂದು ಒಂದು ಸಾಲು ಬರೆಸಿಕೊಂಡರೆ ಮುಂದಿನ ಆಸ್ಪತ್ರೆಯ ಡಾಕ್ಟರಿಗೂ ಅನುಕೂಲ.

ಅಂಕಿ ಚೆನ್ನಾಗಿದೆ ಎಂದು ರೋಗಿಯನ್ನು ನೋಡುವುದು ಬಿಡಬಾರದು. ಡೆಂಗ್ಯೂದಲ್ಲಿ ಅಪಾಯದ ಕಾಲ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ರಕ್ತನಾಳದಿಂದ ನೀರಿನಂಶ ಸೋರಿ ಬಿ.ಪಿ. ಕುಸಿಯುವುದರಿಂದ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಮೂಗು ಅಥವಾ ವಸಡಿನಿಂದ ರಕ್ತ, ಕಪ್ಪು ಮಲ, ತೀರಾ ಸುಸ್ತು ಅಥವಾ ಚಡಪಡಿಕೆ, ಮೂತ್ರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಪ್ಲೇಟ್‌ಲೆಟ್ ಒಂದು ಲಕ್ಷವೇ ಇರಲಿ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಜೊತೆಗೆ ಹಿಮಾಟೊಕ್ರಿಟ್ ಎಂಬ ಸಾಲೂ ಇರುತ್ತದೆ, `HCT` ಅಥವಾ `PCV` ಎಂದು ಅಚ್ಚಾಗಿರುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತಿರುವಾಗಲೇ ಅದು ಏರುತ್ತಿದ್ದರೆ ನೀರಿನಂಶ ಸೋರುತ್ತಿದೆ ಎಂದರ್ಥ. ಡಾಕ್ಟರು ಸಲೈನ್ ಎಷ್ಟು ಹಾಕಬೇಕು ಎಂದು ತೀರ್ಮಾನಿಸುವಾಗ ನೋಡುವುದು ಆ ಸಾಲನ್ನು.